ತಿಂಗಳ ವರದಿಯಲ್ಲಿ ಡೀಸೆಲ್ ಸಾಲು 59,200 ಜಾಸ್ತಿ, "ದರ ಏರಿಕೆ" ಅಂತ ಬರೆದರೆ ವಾಪಸ್ ಬಂತು

ಜನರೇಟರ್ ರೂಮು
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹೊರಗೆ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಡಿಪ್ಲೊಮಾ. ಲೆಕ್ಕಪತ್ರ ನನ್ನ ಕೆಲಸ ಅಲ್ಲ, ಆದರೆ ಈ ವರ್ಷದಿಂದ ವಿಭಾಗದ ತಿಂಗಳ ವರದಿ ನನ್ನ ತಲೆಗೆ ಬಂದಿದೆ. ಅಕೌಂಟ್ಸ್‌ನವರು ಟ್ಯಾಲಿಯಿಂದ ತೆಗೆದು ಒಂದು ಎಕ್ಸೆಲ್ ಶೀಟ್ ಕಳಿಸುತ್ತಾರೆ. ಬಜೆಟ್, ಆದ ಖರ್ಚು, ವ್ಯತ್ಯಾಸ, ಶೇಕಡಾ, ಕೊನೆಗೆ "ಕಾರಣ" ಅನ್ನೋ ಖಾಲಿ ಕಾಲಂ. ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರೋ ಸಾಲಿಗೆ ನಾನು ಕಾರಣ ಬರೆಯಬೇಕು.

2025ರ ಜುಲೈ ವರದಿಯಲ್ಲಿ ಜನರೇಟರ್ ಡೀಸೆಲ್ ಸಾಲು ಹೀಗಿದೆ. ಬಜೆಟ್ 1,80,000. ಖರ್ಚು 2,39,200. ವ್ಯತ್ಯಾಸ ಮೈನಸ್ 59,200, ಅಂದರೆ ಶೇ. 33 ಹತ್ತಿರ. ನಾನು "ಡೀಸೆಲ್ ದರ ಏರಿಕೆಯಿಂದ" ಅಂತ ಬರೆದು ಕಳಿಸಿದೆ. ಮ್ಯಾನೇಜರ್ ಕೆಂಪು ಪೆನ್ನಲ್ಲಿ "ಎಷ್ಟು?" ಅಂತ ಒಂದೇ ಪದ ಬರೆದು ವಾಪಸ್ ಕಳಿಸಿದ್ದಾರೆ. ಎಷ್ಟು ಅಂದರೆ ಏನು? 59,200 ಅಂತ ಪಕ್ಕದ ಕಾಲಂನಲ್ಲೇ ಇದೆಯಲ್ಲ. ಇದಕ್ಕೆ ಏನು ಬರೆಯೋದು ದಯವಿಟ್ಟು ಹೇಳಿ.

ಮಂಡಕ್ಕಿ ಮಿರ್ಚಿ
ಕರೆಂಟ್ ಹೋಗಿತ್ತು ಅಂತ ಬರಿ ಗುರೂ. ಆಷಾಢದ ಗಾಳಿಗೆ ಎಲ್ಲರ ಮನೆಯಲ್ಲೂ ಹೋಗಿತ್ತು. ಯಾರು ಕೇಳ್ತಾರೆ.

ಕೋಟೆ ಕಡೆಯವ
ನಾನು ಚಿತ್ರದುರ್ಗದಲ್ಲಿ ಸರ್ಕಾರಿ ಕಚೇರಿಯಲ್ಲಿದ್ದೇನೆ, ಈ ವರದಿ ಪ್ರತಿ ತಿಂಗಳು ಕಳಿಸ್ತೇವೆ. ಮೊದಲು ಖಜಾನೆ-2ರಲ್ಲಿ ನಿಮ್ಮ ಲೆಕ್ಕ ಶೀರ್ಷಿಕೆ ತೆಗೆದು ಬಿಡುಗಡೆ ಎಷ್ಟಾಗಿದೆ ನೋಡಿ. ಬಿಡುಗಡೆ ಮೀರಿ ಖರ್ಚು ಆಗೋಕೇ ಸಾಧ್ಯ ಇಲ್ಲ, ಬಿಲ್ಲೇ ಪಾಸ್ ಆಗಲ್ಲ. ಎಲ್ಲೋ ಬೇರೆ ಶೀರ್ಷಿಕೆಯ ಬಿಲ್ ಇಲ್ಲಿ ಬಂದಿರಬೇಕು.

ಜನರೇಟರ್ ರೂಮು
ಸರ್, ನಮ್ಮದು ಖಾಸಗಿ ಕಾರ್ಖಾನೆ. ಖಜಾನೆ ಇಲ್ಲ. ಬಜೆಟ್ ಮೀರಿದರೂ ಬಂಕ್‌ನವರು ಡೀಸೆಲ್ ಕೊಡುತ್ತಾರೆ, ಅದೇ ಸಮಸ್ಯೆ.

ಲೆಡ್ಜರ್ ಅಕ್ಕ
ಮ್ಯಾನೇಜರ್ ಕೇಳಿದ ಪ್ರಶ್ನೆ ಸರಿಯಾಗಿದೆ ತಮ್ಮಾ. 59,200ರಲ್ಲಿ ದರದಿಂದ ಎಷ್ಟು, ಬಳಕೆಯಿಂದ ಎಷ್ಟು ಅಂತ ಅವರು ಕೇಳುತ್ತಿರೋದು. ರೂಪಾಯಿ ಮಾತ್ರ ನೋಡಿದರೆ ಅದು ಗೊತ್ತಾಗಲ್ಲ. ಎರಡು ವಿಷಯ ಹುಡುಕಿ. ಬಜೆಟ್ ಮಾಡುವಾಗ ತಿಂಗಳಿಗೆ ಎಷ್ಟು ಲೀಟರ್, ಲೀಟರಿಗೆ ಎಷ್ಟು ರೂಪಾಯಿ ಅಂತ ಹಿಡಿದಿದ್ದರು? ಜುಲೈ ಬಿಲ್ಲುಗಳಲ್ಲಿ ಎಷ್ಟು ಲೀಟರ್, ಎಷ್ಟು ದರ ಇದೆ? ಬಜೆಟ್ ಫೈಲಿನಲ್ಲಿ ಇದು ಇದ್ದೇ ಇರುತ್ತದೆ, 1,80,000 ಸುಮ್ನೆ ಆಕಾಶದಿಂದ ಬಿದ್ದಿರಲ್ಲ.

ಹರಿಹರದ ಹುಡುಗ
ಕೆಲವು ಕಡೆ ಆಕಾಶದಿಂದಲೇ ಬೀಳುತ್ತದೆ ಅಕ್ಕ. ನಮ್ಮಲ್ಲಿ ಹೋದ ವರ್ಷದ ಖರ್ಚಿಗೆ ಶೇ. 8 ಸೇರಿಸಿ ಹನ್ನೆರಡರಿಂದ ಭಾಗಿಸುತ್ತಾರೆ. ಲೀಟರ್ ಗೀಟರ್ ಏನೂ ಇಲ್ಲ. ವರ್ಷಕ್ಕೊಮ್ಮೆ ಕಟ್ಟೋ ಸರ್ವೀಸ್ ಕಾಂಟ್ರ್ಯಾಕ್ಟ್ ಕೂಡ ಹನ್ನೆರಡು ಭಾಗ. ಏಪ್ರಿಲ್‌ನಲ್ಲಿ ಪೂರ್ತಿ ಹಣ ಕಟ್ಟಿದಾಗ ಆ ಸಾಲು ಕೆಂಪಾಗುತ್ತದೆ, ಆಮೇಲೆ ಹನ್ನೊಂದು ತಿಂಗಳು ನಾವು ಉಳಿತಾಯ ಮಾಡಿದ ಹಾಗೆ ಹಸಿರು. ಪ್ರತಿ ತಿಂಗಳು "ಏಪ್ರಿಲ್‌ನಲ್ಲಿ ಪಾವತಿಸಲಾಗಿದೆ" ಅಂತ ಕಾಪಿ ಪೇಸ್ಟ್ ಮಾಡ್ತೇನೆ.

ಲೆಡ್ಜರ್ ಅಕ್ಕ
ಅದು ಖರ್ಚಿನ ತಪ್ಪಲ್ಲ, ಬಜೆಟ್ ಹಂಚಿದ ತಪ್ಪು. ಏಪ್ರಿಲ್‌ನಲ್ಲಿ ಕಟ್ಟೋದು ಗೊತ್ತಿದ್ದರೆ ಬಜೆಟ್ಟನ್ನೂ ಏಪ್ರಿಲ್‌ಗೇ ಇಡಬೇಕು. ಇಲ್ಲವಾ, ಬಿಲ್ಲನ್ನೇ ಮುಂಗಡ ಪಾವತಿ ಅಂತ ಇಟ್ಟು ತಿಂಗಳಿಗೊಂದು ಭಾಗ ಖರ್ಚಿಗೆ ಹಾಕಬೇಕು. ಎರಡರಲ್ಲಿ ಒಂದು ಮಾಡಿ, ಕಾಪಿ ಪೇಸ್ಟ್ ತಪ್ಪುತ್ತದೆ.

ಜನರೇಟರ್ ರೂಮು
ಅಕ್ಕ, ಬಜೆಟ್ ಫೈಲ್ ಸಿಕ್ಕಿತು. ಫೆಬ್ರವರಿಯಲ್ಲಿ ಮಾಡಿದ್ದು. ತಿಂಗಳಿಗೆ 2,000 ಲೀಟರ್, ಲೀಟರಿಗೆ 90 ರೂಪಾಯಿ. ಪಕ್ಕದಲ್ಲಿ "100 ಗಂಟೆ, ಗಂಟೆಗೆ 20 ಲೀಟರ್" ಅಂತಲೂ ಬರೆದಿದ್ದಾರೆ. ಜುಲೈ ಬಿಲ್ಲುಗಳನ್ನು ಕೂಡಿದರೆ 2,600 ಲೀಟರ್, ದರ 92 ಅಂತ ಇಟ್ಟುಕೊಳ್ಳಿ, ಪೈಸೆ ಬಿಟ್ಟಿದ್ದೇನೆ.

ಹರಿಹರದ ಹುಡುಗ
ಆ 2 ರೂಪಾಯಿ ಎಲ್ಲಿಂದ ಬಂತು ಅಂತ ನಾನು ಹೇಳ್ತೇನೆ. 2025ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 18.44ರಿಂದ 21.17ಕ್ಕೆ ಏರಿತು. ಲೀಟರಿಗೆ ಹತ್ತಿರ ಹತ್ತಿರ 2 ರೂಪಾಯಿ. ನಿಮ್ಮ ಬಜೆಟ್ ಫೆಬ್ರವರಿದು, ಅದರಲ್ಲಿ ಇದು ಸೇರಿರಲ್ಲ.

ಲೆಡ್ಜರ್ ಅಕ್ಕ
ಸರಿ, ಹಾಗಾದರೆ ಲೆಕ್ಕ ಹಾಕೋಣ. ತಗೊಂಡ 2,600 ಲೀಟರಿಗೂ 2 ರೂಪಾಯಿ ಜಾಸ್ತಿ ಕೊಟ್ಟಿದ್ದೀರಿ. ಅದು 5,200. ಬಜೆಟ್‌ಗಿಂತ 600 ಲೀಟರ್ ಜಾಸ್ತಿ ತಗೊಂಡಿದ್ದೀರಿ, ಅದನ್ನು ಬಜೆಟ್ ದರ 90ರಲ್ಲಿ ಹಿಡಿದರೆ 54,000. ಎರಡೂ ಸೇರಿ 59,200. ತಾಳೆ ಆಯಿತು.

ಈಗ ನಿಮ್ಮ ಕಾರಣ ಓದಿ ನೋಡಿ. "ದರ ಏರಿಕೆಯಿಂದ" ಅಂತ ಬರೆದಿರಿ. ಅದು ಸುಳ್ಳಲ್ಲ, ಆದರೆ 59 ಸಾವಿರದಲ್ಲಿ 5 ಸಾವಿರಕ್ಕೆ ಮಾತ್ರ ಉತ್ತರ. ಉಳಿದ 54 ಸಾವಿರದ ಬಗ್ಗೆ ನೀವು ಮಾತೇ ಆಡಿಲ್ಲ. ಕೆಂಪು ಪೆನ್ನು ಅದಕ್ಕೇ ಬಂದಿದ್ದು.

ಜನರೇಟರ್ ರೂಮು
ಅಯ್ಯೋ. ನಾನು ಪೇಪರ್‌ನಲ್ಲಿ ದರ ಏರಿಕೆ ಓದಿದ ನೆನಪಿಂದ ಬರೆದಿದ್ದೆ.

ಶೀಟ್ ಮಾಸ್ತರ
ಒಂದು ತಕರಾರು ಇದೆ. ದರದ ಪಾಲು 5,200 ಅಲ್ಲ, 4,000. ಬಜೆಟ್ಟಿನ 2,000 ಲೀಟರಿಗೆ 2 ರೂಪಾಯಿ ಅಂದರೆ 4,000 ತಾನೇ? ಜಾಸ್ತಿ ತಗೊಂಡ 600 ಲೀಟರಿನ 2 ರೂಪಾಯಿ, ಅಂದರೆ 1,200, ದರಕ್ಕೂ ಸೇರಿದ್ದು, ಬಳಕೆಗೂ ಸೇರಿದ್ದು. ಅದನ್ನು ಬೇರೆ ತೋರಿಸಬೇಕು. ಅಕ್ಕ ಎಲ್ಲವನ್ನೂ ದರದ ತಲೆಗೆ ಕಟ್ಟಿದ್ದಾರೆ.

ಲೆಡ್ಜರ್ ಅಕ್ಕ
ನೀವು ಹೇಳೋದು ಲೆಕ್ಕದಲ್ಲಿ ಸರಿ ಮಾಸ್ತರೇ. ಆದರೆ ಮೂರನೇ ತುಂಡಿಗೆ ಯಾರು ಉತ್ತರ ಕೊಡಬೇಕು? ಖರೀದಿಯವರೂ ನನ್ನದಲ್ಲ ಅಂತಾರೆ, ಮೇಂಟೆನೆನ್ಸ್‌ನವರೂ ನನ್ನದಲ್ಲ ಅಂತಾರೆ. ಅದಕ್ಕೆ ರೂಢಿಯಲ್ಲಿ ಅದನ್ನು ದರದ ಜೊತೆ ಸೇರಿಸುತ್ತಾರೆ. ಎಷ್ಟು ತಗೊಂಡಿರೋ ಅಷ್ಟಕ್ಕೂ ಜಾಸ್ತಿ ದರ ಕೊಟ್ಟಿದ್ದು ನಿಜ ಅಲ್ವಾ?

ಶೀಟ್ ಮಾಸ್ತರ
ರೂಢಿ ಅಂತ ಒಪ್ಪುತ್ತೇನೆ. ಸರಿ ಅಂತ ಒಪ್ಪಲ್ಲ. ದರ ದುಪ್ಪಟ್ಟಾದ ವರ್ಷ ಆ ತುಂಡು ಬಳಕೆಯ ತುಂಡಿನಷ್ಟೇ ದೊಡ್ಡದಾಗುತ್ತದೆ.

ಮಂಡಕ್ಕಿ ಮಿರ್ಚಿ
1,200 ರೂಪಾಯಿಗೆ ಇಬ್ಬರು ಜಗಳ ಆಡ್ತಿದ್ದಾರೆ, ಅಲ್ಲಿ 600 ಲೀಟರ್ ಡೀಸೆಲ್ ಯಾರದೋ ಟ್ರ್ಯಾಕ್ಟರ್‌ನಲ್ಲಿ ಮೆಕ್ಕೆಜೋಳದ ಹೊಲ ಉಳುತ್ತಿದೆ. ಕಳ್ಳತನ ಅಂತ ಯಾರೂ ಯಾಕೆ ಹೇಳ್ತಿಲ್ಲ?

ಜನರೇಟರ್ ರೂಮು
ಆ ಮಾತು ಬೇಡ ಅಣ್ಣ. ನಮ್ಮ ಆಪರೇಟರ್ ಹದಿನಾರು ವರ್ಷದಿಂದ ಇರೋ ಮನುಷ್ಯ. ಹೋದ ಸಲ ಇದೇ ಥರ ಒಂದು ಮಾತು ಬಂದು ಮೂರು ದಿನ ಊಟ ಮಾಡಿರಲಿಲ್ಲ.

ಹಳೇ ಸ್ಟೋರ್ ಕೀಪರ್
ಇಪ್ಪತ್ತೆಂಟು ವರ್ಷ ಸ್ಟೋರ್ ನೋಡಿಕೊಂಡು ರಿಟೈರ್ ಆದವನು ನಾನು. ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡ್ತಿದ್ದೀರಿ, ಲೆಡ್ಜರ್ ಅಕ್ಕನೂ ಸೇರಿ. 2,600 ಲೀಟರ್ ಅನ್ನೋದು ಖರೀದಿ. ಬಳಕೆ ಅಲ್ಲ. ಬಿಲ್ ಬಂದ ದಿನ ಅಕೌಂಟ್ಸ್‌ನವರು ಪೂರ್ತಿ ಖರ್ಚಿಗೆ ಹಾಕಿರುತ್ತಾರೆ. ಡೀಸೆಲ್ ಸುಟ್ಟಿತಾ, ಟ್ಯಾಂಕಲ್ಲಿ ಕೂತಿದೆಯಾ ಅಂತ ಟ್ಯಾಲಿಗೆ ಏನು ಗೊತ್ತು?

ಮೂರು ಅಂಕಿ ತನ್ನಿ. ಜುಲೈ 1ರ ಬೆಳಗಿನ ಡಿಪ್, ಅಂದರೆ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡಿದ ಅಳತೆ, ಜುಲೈ 31ರ ರಾತ್ರಿಯ ಡಿಪ್, ಮತ್ತು ಅವರ್ ಮೀಟರ್ ಎಷ್ಟು ಗಂಟೆ ಓಡಿದೆ ಅನ್ನೋದು. ಇವು ಮೂರೂ ಲಾಗ್ ಬುಕ್ಕಿನಲ್ಲಿ ಇರಬೇಕು. ಕಳ್ಳತನವೋ ಅಲ್ಲವೋ ಅನ್ನೋದು ಆಮೇಲೆ ತಾನಾಗೇ ಗೊತ್ತಾಗುತ್ತದೆ. ಅಲ್ಲಿವರೆಗೂ ಯಾರ ಹೆಸರೂ ಎತ್ತಬೇಡಿ.

ಲೆಡ್ಜರ್ ಅಕ್ಕ
ಹೌದು ಯಜಮಾನ್ರೇ, ನಾನು ಮೊದಲೇ ಕೇಳಬೇಕಿತ್ತು. ಬಿಲ್ಲಿನ ಲೀಟರನ್ನೇ ಬಳಕೆ ಅಂತ ಹಿಡಿದುಬಿಟ್ಟೆ.

ಕೋಟೆ ಕಡೆಯವ
ನಮ್ಮೂರಲ್ಲಿ ಗುಡ್ಡದ ಮೇಲೆ ಗಾಳಿಯಂತ್ರ ಗರಗರ ತಿರುಗುತ್ತಿರುತ್ತದೆ, ಕೆಳಗೆ ನಾವು ಜನರೇಟರ್ ಹಾಕಿಕೊಂಡು ಕೂತಿರುತ್ತೇವೆ. ಅದರ ವ್ಯತ್ಯಾಸಕ್ಕೆ ಯಾವ ಕಾಲಂ?

ಮಂಡಕ್ಕಿ ಮಿರ್ಚಿ
ಗಾಳಿ ನಿಮ್ಮದು, ಕರೆಂಟ್ ಗ್ರಿಡ್‌ದು.

ಜನರೇಟರ್ ರೂಮು
ಲಾಗ್ ಬುಕ್ ನೋಡಿ ಬಂದೆ. ಜುಲೈ 1ಕ್ಕೆ 200 ಲೀಟರ್ ಇತ್ತು. ಜುಲೈ 31ಕ್ಕೆ 680 ಲೀಟರ್. ಓಡಿದ್ದು 104 ಗಂಟೆ. ಜುಲೈ 30ಕ್ಕೆ ಒಂದು ದೊಡ್ಡ ಲೋಡ್ ಇಳಿಸಿದ್ದಾರೆ, ಅದರ ಬಿಲ್ ಕೂಡ ಅದೇ ದಿನದ್ದು. ಯಾಕೆ ತಿಂಗಳ ಕೊನೆಗೆ ತಂದರು ಅಂತ ಕೇಳಿದರೆ "ಗಾಡಿ ಆ ಕಡೆ ಹೋಗಿತ್ತು" ಅಂದರು ಖರೀದಿಯವರು.

ಹಳೇ ಸ್ಟೋರ್ ಕೀಪರ್
ನೋಡಿ, ಅದೇ. 200 ಇತ್ತು, 2,600 ಬಂತು, 680 ಉಳಿಯಿತು. ಸುಟ್ಟಿದ್ದು 2,120 ಲೀಟರ್. 104 ಗಂಟೆಗೆ ಭಾಗಿಸಿದರೆ ಗಂಟೆಗೆ 20.4 ಲೀಟರ್. ಬಜೆಟ್‌ನಲ್ಲಿ 20 ಹಿಡಿದಿದ್ದಾರೆ. ಎಲ್ಲಿದೆ ಕಳ್ಳತನ? ಮಿರ್ಚಿಯವರು ಆ ಟ್ರ್ಯಾಕ್ಟರ್ ವಾಪಸ್ ತಗೋಬೇಕು. ಯಾರಾದರೂ ಕದ್ದಿದ್ದರೆ ಗಂಟೆಗೆ 24, 25 ಅಂತ ಬರುತ್ತಿತ್ತು. ಬರೀ ಲೀಟರ್ ನೋಡಿದರೆ ಏನೂ ಗೊತ್ತಾಗಲ್ಲ, ಬರೀ ಗಂಟೆ ನೋಡಿದರೂ ಗೊತ್ತಾಗಲ್ಲ. ಒಂದನ್ನು ಇನ್ನೊಂದರಿಂದ ಭಾಗಿಸಬೇಕು.

ಮಂಡಕ್ಕಿ ಮಿರ್ಚಿ
ವಾಪಸ್ ತಗೊಂಡೆ. ಆಪರೇಟರ್ ಅಣ್ಣನಿಗೆ ನನ್ನ ಲೆಕ್ಕದಲ್ಲಿ ಒಂದು ಬೆಣ್ಣೆ ದೋಸೆ.

ದೊಡ್ಡಪೇಟೆ
680 ಲೀಟರ್ ಡೀಸೆಲ್ ಇಟ್ಟುಕೊಳ್ಳೋಕೆ ಲೈಸೆನ್ಸ್ ಇದೆಯಾ? 500 ದಾಟಿದರೆ ಅಪರಾಧ. ಇದನ್ನು ವರದಿಯಲ್ಲಿ ಬರೆದು ಸಿಕ್ಕಿಹಾಕಿಕೊಳ್ಳಬೇಡಿ.

ಹಳೇ ಸ್ಟೋರ್ ಕೀಪರ್
500 ಅಲ್ಲ ಸ್ವಾಮಿ. ಡೀಸೆಲ್‌ಗೆ ಒಟ್ಟು 2,500 ಲೀಟರ್ ತನಕ ಲೈಸೆನ್ಸ್ ಬೇಡ, ಆದರೆ ಯಾವ ಒಂದು ಟ್ಯಾಂಕೂ 1,000 ಲೀಟರ್ ದಾಟಬಾರದು. ಜನರೇಟರ್ ಟ್ಯಾಂಕುಗಳು 990 ಲೀಟರ್ ಅಂತ ಯಾಕೆ ಬರುತ್ತವೆ ಅಂದುಕೊಂಡಿರಿ? ನೀವು ಹೇಳಿದ್ದರಲ್ಲಿ ಅರ್ಧ ಸರಿ, ಮಿತಿ ಅಂತೂ ಇದೆ.

ಲೆಡ್ಜರ್ ಅಕ್ಕ
ಈಗ ಮತ್ತೆ ತುಂಡು ಮಾಡೋಣ, ಈ ಸಲ ಸರಿಯಾಗಿ.

ಟ್ಯಾಂಕಲ್ಲಿ ಜಾಸ್ತಿಯಾಗಿ ಉಳಿದದ್ದು 480 ಲೀಟರ್. ಅದರ ಬೆಲೆ 92ರಂತೆ 44,160. ಇದು ಖರ್ಚೇ ಅಲ್ಲ, ಸರಕು. ಆಗಸ್ಟ್‌ನಲ್ಲಿ ಅಷ್ಟು ಕಡಿಮೆ ತರಿಸಿದರೆ ಈ ವ್ಯತ್ಯಾಸ ತಿರುಗಿ ಹೊಡೆದು ಹಸಿರಾಗುತ್ತದೆ.

ಸುಟ್ಟ 2,120 ಲೀಟರಿಗೆ ದರದ 2 ರೂಪಾಯಿ, ಅದು 4,240.

ಬಜೆಟ್‌ಗಿಂತ ಜಾಸ್ತಿ ಸುಟ್ಟಿದ್ದು 120 ಲೀಟರ್, 90ರಂತೆ 10,800.

ಮೂರೂ ಕೂಡಿ. ಮತ್ತೆ 59,200 ಬರುತ್ತದೆ. ಆದರೆ ಕಥೆ ಪೂರ್ತಿ ಬೇರೆ ಆಯಿತು ನೋಡಿ. ನಿಜವಾಗಿ ಜಾಸ್ತಿ ಖರ್ಚಾದದ್ದು 15,040 ಮಾತ್ರ. ಶೇ. 33 ಅಲ್ಲ, ಶೇ. 8ರ ಆಸುಪಾಸು. ನಿಮ್ಮ ಕಾರ್ಖಾನೆಯ ಶೇ. 10ರ ನಿಯಮದ ಪ್ರಕಾರ ಈ ಸಾಲಿಗೆ ಕಾರಣವನ್ನೇ ಕೇಳಬಾರದಿತ್ತು.

ಜನರೇಟರ್ ರೂಮು
ಅಂದರೆ ನಾನು ಏನೂ ಬರೆಯದೇ ಬಿಡಬಹುದಾ?

ಲೆಡ್ಜರ್ ಅಕ್ಕ
ಬೇಡ. ಈಗ ಮುಖ್ಯವಾದ ಜಾಗಕ್ಕೆ ಬಂದಿದ್ದೀರಿ. ಈ ಮೂರು ತುಂಡಿನಲ್ಲಿ ಯಾವುದು ಮುಂದಿನ ತಿಂಗಳು ಮತ್ತೆ ಬರುತ್ತದೆ ಅಂತ ಯೋಚನೆ ಮಾಡಿ.

44,160 ಎಲ್ಲಕ್ಕಿಂತ ದೊಡ್ಡದು, ಆದರೆ ಮುಂದಿನ ತಿಂಗಳು ಮಾಯವಾಗುತ್ತದೆ. 10,800 ಗಾಳಿ ಮಳೆಯ ಮೇಲೆ ನಿಂತಿದೆ, ಬರಬಹುದು, ಬರದೇ ಇರಬಹುದು. 4,240 ಎಲ್ಲಕ್ಕಿಂತ ಚಿಕ್ಕದು, ಆದರೆ ಅದು ಎಲ್ಲೂ ಹೋಗಲ್ಲ. ತೆರಿಗೆ ಏರಿದ್ದು ಏರಿದ್ದೇ. ವರ್ಷಕ್ಕೆ 24,000 ಲೀಟರ್ ಬಜೆಟ್ ಇದ್ದರೆ, ಲೀಟರಿಗೆ 2ರಂತೆ ಮಾರ್ಚ್ ಹೊತ್ತಿಗೆ 48,000. ನೀವು ಒಂದು ಲೀಟರ್ ಕೂಡ ಜಾಸ್ತಿ ಸುಡದೇ ಇದ್ದರೂ 48,000 ಮೀರುತ್ತೀರಿ. ಮ್ಯಾನೇಜರ್‌ಗೆ ಗೊತ್ತಾಗಬೇಕಾದ ಸುದ್ದಿ ಇದು. ನೀವು ಬರೆದ "ದರ ಏರಿಕೆ" ಜುಲೈಗೆ ತಪ್ಪು ಉತ್ತರ, ವರ್ಷಕ್ಕೆ ಸರಿ ಉತ್ತರ. ತಮಾಷೆ ಅಂದರೆ ಅದೇ.

ಹರಿಹರದ ಹುಡುಗ
ತೆರಿಗೆ ಏಪ್ರಿಲ್‌ನಲ್ಲೇ ಏರಿತಲ್ಲ ಅಕ್ಕ. ಹಾಗಾದರೆ ಏಪ್ರಿಲ್, ಮೇ, ಜೂನ್ ವರದಿಯಲ್ಲಿ ಯಾರಿಗೂ ಯಾಕೆ ಕಾಣಲಿಲ್ಲ?

ಲೆಡ್ಜರ್ ಅಕ್ಕ
ಒಳ್ಳೆ ಪ್ರಶ್ನೆ. ಜನರೇಟರ್ ತಮ್ಮಾ, ಜೂನ್ ಸಾಲು ಹಾಕಿ ನೋಡೋಣ.

ಜನರೇಟರ್ ರೂಮು
ಜೂನ್: ಬಜೆಟ್ 1,80,000, ಖರ್ಚು 1,79,400. ವ್ಯತ್ಯಾಸ ಪ್ಲಸ್ 600. ಹಸಿರು. ಕಾರಣ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದಿದ್ದೆ. 1,950 ಲೀಟರ್ ಬಿಲ್ ಆಗಿತ್ತು.

ಲೆಡ್ಜರ್ ಅಕ್ಕ
1,950 ಲೀಟರಿಗೆ 2 ರೂಪಾಯಿ ಜಾಸ್ತಿ, 3,900 ನಷ್ಟ. 50 ಲೀಟರ್ ಕಡಿಮೆ ತರಿಸಿದ್ದಕ್ಕೆ 90ರಂತೆ 4,500 ಲಾಭ. ಒಂದನ್ನೊಂದು ನುಂಗಿ 600 ಹಸಿರು ಉಳಿಯಿತು. ದರದ ಏರಿಕೆ ಆ 600ರ ಹಿಂದೆ ಅಡಗಿ ಕೂತಿತ್ತು. ಶೇ. 10 ದಾಟಿದ ಸಾಲಿಗೆ ಮಾತ್ರ ಕಾರಣ ಬರೆಯಿರಿ ಅನ್ನೋ ನಿಯಮದ ತೊಂದರೆ ಇದೇ. ಎರಡು ವ್ಯತ್ಯಾಸ ಎದುರುಬದುರು ಬಂದರೆ ಸಾಲು ಶಾಂತವಾಗಿ ಕಾಣುತ್ತದೆ. ನಾನು ನಮ್ಮಲ್ಲಿ ಡೀಸೆಲ್, ಕರೆಂಟ್, ಪ್ಯಾಕಿಂಗ್ ಚೀಲ, ಈ ಮೂರಕ್ಕೆ ವ್ಯತ್ಯಾಸ ಸೊನ್ನೆ ಇದ್ದರೂ ದರ ಬೇರೆ, ಪ್ರಮಾಣ ಬೇರೆ ತೆಗೆಸುತ್ತೇನೆ. ಉಳಿದ ಸಾಲುಗಳಿಗೆ ಮಾಡಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ.

ದೊಡ್ಡಪೇಟೆ
ಮೈನಸ್ ಇದ್ದರೆ ಕೆಟ್ಟದ್ದು, ಪ್ಲಸ್ ಇದ್ದರೆ ಒಳ್ಳೆಯದು. ಇಷ್ಟಕ್ಕೆ ಯಾಕೆ ಇಷ್ಟು ಉದ್ದ ಮಾತು?

ಜನರೇಟರ್ ರೂಮು
ಸರ್, ಅದೂ ಒಂದು ಗೊಂದಲ ಇದೆ ನನಗೆ. ಇದೇ ಶೀಟಿನ ಕೆಳಗೆ ಗುಜರಿ ಮಾರಾಟ ಅಂತ ಒಂದು ಸಾಲಿದೆ. ಹಳೇ ಬೇರಿಂಗ್, ತಾಮ್ರದ ತಂತಿ ಮಾರಿದ ದುಡ್ಡು. ಬಜೆಟ್ 15,000, ಬಂದದ್ದು 22,000. ಅಲ್ಲೂ ಮೈನಸ್ 7,000 ಅಂತ ಕೆಂಪಲ್ಲಿ ತೋರಿಸುತ್ತಿದೆ. ಜಾಸ್ತಿ ದುಡ್ಡು ಬಂದರೆ ಕೆಂಪು ಯಾಕೆ?

ಶೀಟ್ ಮಾಸ್ತರ
ಇದು ನನ್ನ ಏರಿಯಾ. ಅಕೌಂಟ್ಸ್‌ನವರು ಎಲ್ಲ ಸಾಲಿಗೂ ಬಜೆಟ್‌ನಿಂದ ಖರ್ಚು ಕಳೆದಿದ್ದಾರೆ. ಖರ್ಚಿನ ಸಾಲಿಗೆ ಅದು ಸರಿ, ಆದಾಯದ ಸಾಲಿಗೆ ಉಲ್ಟಾ ಆಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಕೆಳಗಿನ ಒಟ್ಟು ಸಾಲಿನಲ್ಲಿ ಆಗಿರುತ್ತದೆ, ಗುಜರಿಯ 7,000 ಲಾಭವನ್ನೂ ನಷ್ಟದ ಜೊತೆ ಕೂಡಿಬಿಟ್ಟಿರುತ್ತಾರೆ. ನೋಡಿ, ನಿಮ್ಮ ಒಟ್ಟು ಮೊತ್ತ 14,000 ತಪ್ಪಿದೆ ಅಂತ ಪಂತ ಕಟ್ಟುತ್ತೇನೆ.

ಎರಡನೇ ಕಾಲಂನಲ್ಲಿ ಸಾಲು ಖರ್ಚೋ ಆದಾಯವೋ ಅಂತ ಬರೆಯಿರಿ. C ಬಜೆಟ್, D ಆದದ್ದು. ಆಮೇಲೆ ಹೀಗೆ ಹಾಕಿ:

```
E5:  =IF(B5="ಆದಾಯ", D5-C5, C5-D5)
F5:  =IF(C5=0, "", E5/C5)
```

ಈಗ ಪ್ಲಸ್ ಅಂದರೆ ಎಲ್ಲ ಸಾಲಿನಲ್ಲೂ ವಿಭಾಗಕ್ಕೆ ಒಳ್ಳೆಯದು, ಮೈನಸ್ ಅಂದರೆ ಕೆಟ್ಟದ್ದು. ಎರಡನೇ ಸೂತ್ರ ಯಾಕೆ ಅಂದರೆ ಬಜೆಟ್ಟೇ ಇಲ್ಲದ ಸಾಲಿಗೆ ಸೊನ್ನೆಯಿಂದ ಭಾಗಿಸಲು ಹೋಗಿ #DIV/0! ಬರುತ್ತದೆ. B ಕಾಲಂನಲ್ಲಿ "ಆದಾಯ" ಪದದ ಹಿಂದೆ ಮುಂದೆ ಸ್ಪೇಸ್ ಬಿಡಬೇಡಿ, ಬಿಟ್ಟರೆ ಸುಮ್ನೆ ಖರ್ಚು ಅಂತ ತಿಳಿದುಕೊಳ್ಳುತ್ತದೆ, ತಪ್ಪು ಅಂತ ಹೇಳೋದೂ ಇಲ್ಲ. ನಾನು ಒಂದು ಇಡೀ ಮಧ್ಯಾಹ್ನ ಇದರಲ್ಲಿ ಕಳೆದಿದ್ದೇನೆ.

ಜನರೇಟರ್ ರೂಮು
ಮಾಸ್ತರೇ, ಪಂತ ಗೆದ್ದಿರಿ. ಸರಿಯಾಗಿ 14,000.

ಕೋಟೆ ಕಡೆಯವ
ಪ್ಲಸ್ ಒಳ್ಳೆಯದು ಅನ್ನೋದು ನಿಮ್ಮ ಕಾರ್ಖಾನೆಗೆ. ನಮ್ಮಲ್ಲಿ ಬಜೆಟ್‌ಗಿಂತ ಕಡಿಮೆ ಖರ್ಚಾದರೆ ಕೆಡಿಪಿ ಸಭೆಯಲ್ಲಿ ನಿಲ್ಲಿಸಿ ಕೇಳುತ್ತಾರೆ, ದುಡ್ಡು ಬಂದು ಎಷ್ಟು ದಿನ ಆಯಿತು, ಯಾಕೆ ಖರ್ಚು ಮಾಡಿಲ್ಲ, ಕೆಲಸ ನಿಂತಿದೆಯಾ ಅಂತ. ಮಾರ್ಚ್ 31 ದಾಟಿದರೆ ಅನುದಾನ ವಾಪಸ್ ಹೋಗುತ್ತದೆ. ನಮಗೆ ಉಳಿದ ದುಡ್ಡೇ ಕೆಂಪು. ನಾನು ಮೊದಲು ನಿಮ್ಮ ಪ್ರಶ್ನೆ ತಪ್ಪಾಗಿ ಓದಿದೆ, ಅದಕ್ಕೆ ಕ್ಷಮಿಸಿ, ಆದರೆ ಇದು ಮಾತ್ರ ನಿಜ.

ಲೆಡ್ಜರ್ ಅಕ್ಕ
ನಮ್ಮಲ್ಲೂ ಅದು ಸ್ವಲ್ಪ ನಿಜವೇ ಸರ್. ಮೇಂಟೆನೆನ್ಸ್ ವಿಭಾಗದಲ್ಲಿ ಬಿಡಿಭಾಗದ ಸಾಲು ನಾಲ್ಕು ತಿಂಗಳು ಹಸಿರಾಗಿದ್ದರೆ ನನಗೆ ಭಯ ಆಗುತ್ತದೆ. ಉಳಿತಾಯ ಮಾಡಿದ್ದಾರಾ, ಅಥವಾ ಮಾಡಬೇಕಾದ ಸರ್ವೀಸ್ ಮುಂದಕ್ಕೆ ಹಾಕಿದ್ದಾರಾ? ಶೀಟಲ್ಲಿ ಎರಡೂ ಒಂದೇ ಥರ ಹಸಿರು.

ಹಳೇ ಸ್ಟೋರ್ ಕೀಪರ್
ಜನರೇಟರ್ ಅಣ್ಣ, ಆ 120 ಲೀಟರನ್ನು ಇನ್ನೂ ಒಂದು ಸಲ ಒಡೆಯಿರಿ. 4 ಗಂಟೆ ಜಾಸ್ತಿ ಓಡಿದೆ, ಗಂಟೆಗೆ 20ರಂತೆ 80 ಲೀಟರ್. ಅದು ಕರೆಂಟ್ ಹೋಗಿದ್ದಕ್ಕೆ. ಉಳಿದ 40 ಲೀಟರ್? ಅದಕ್ಕೆ ಕರೆಂಟ್ ಕಾರಣ ಅಲ್ಲ. ಗಂಟೆಗೆ 20ರ ಬದಲು 20.4 ಯಾಕೆ ಕುಡಿಯಿತು ಅನ್ನೋ ಪ್ರಶ್ನೆ ಅದು.

ಜನರೇಟರ್ ರೂಮು
ಲೋಡ್ ಜಾಸ್ತಿ ಆಗಿರಬಹುದು. ಜುಲೈನಲ್ಲಿ ಹೊಸ ಕಂಪ್ರೆಸರ್ ಹಾಕಿದ್ದೇವೆ. ಇಲ್ಲ ಅಂದರೆ ಏರ್ ಫಿಲ್ಟರ್, ಬದಲಾಯಿಸಿ ತುಂಬಾ ದಿನ ಆಯಿತು.

ಹಳೇ ಸ್ಟೋರ್ ಕೀಪರ್
ಇರಬಹುದು. ಡಿಪ್ ತಪ್ಪೂ ಇರಬಹುದು. ನಿಮ್ಮ ಟ್ಯಾಂಕ್ ತಳ ಎಷ್ಟು ಅಗಲ?

ಜನರೇಟರ್ ರೂಮು
ಸುಮಾರು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ.

ಹಳೇ ಸ್ಟೋರ್ ಕೀಪರ್
ಹಾಗಾದರೆ ಕಡ್ಡಿಯಲ್ಲಿ ಒಂದು ಸೆಂಟಿಮೀಟರ್ ಅಂದರೆ 10 ಲೀಟರ್. ತಿಂಗಳ ಮೊದಲ ದಿನ ಎರಡು ಸೆಂಟಿಮೀಟರ್ ಜಾಸ್ತಿ ಓದಿದ್ದರೆ 20 ಲೀಟರ್, ಕೊನೇ ದಿನ ಎರಡು ಸೆಂಟಿಮೀಟರ್ ಕಡಿಮೆ ಓದಿದ್ದರೆ ಇನ್ನು 20 ಲೀಟರ್. 40 ಲೀಟರ್ ಅಂದರೆ ಅಷ್ಟೇ. ಒಂದು ತಿಂಗಳ 0.4 ನೋಡಿ ಫಿಲ್ಟರ್ ಅಂತ ಬರೆಯಬೇಡಿ. ಮೂರು ತಿಂಗಳು 20.4, 20.6, 20.9 ಅಂತ ಏರುತ್ತಾ ಹೋದರೆ ಆಗ ಬರೆಯಿರಿ.

ಶೀಟ್ ಮಾಸ್ತರ
ಇದಕ್ಕೆ ನನ್ನ ವಿರೋಧ ಇದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ವರದಿಯಲ್ಲಿ ಬರೆದರೆ ಮೇಲಿನವರು ಒಪ್ಪಲ್ಲ.

ಲೆಡ್ಜರ್ ಅಕ್ಕ
ಒಪ್ಪುತ್ತಾರೆ ಮಾಸ್ತರೇ, ಮೊತ್ತ ಚಿಕ್ಕದಿದ್ದು ಉಳಿದದ್ದಕ್ಕೆಲ್ಲ ಲೆಕ್ಕ ಕೊಟ್ಟಿದ್ದರೆ. 3,600 ರೂಪಾಯಿ "ಗಮನಿಸುತ್ತಿದ್ದೇವೆ" ಅಂತ ಬರೆದರೆ ಯಾರೂ ಏನೂ ಅನ್ನಲ್ಲ. 59,200ಕ್ಕೂ ಹಾಗೇ ಬರೆದರೆ ಮಾತ್ರ ಕೆಂಪು ಪೆನ್ನು.

ಜನರೇಟರ್ ರೂಮು
ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಒಟ್ಟು 59,200 ಜಾಸ್ತಿ. ಇದರಲ್ಲಿ 44,160 ಜುಲೈ 30ರಂದು ತರಿಸಿ ಟ್ಯಾಂಕಿನಲ್ಲಿ ಉಳಿದ 480 ಲೀಟರ್, ಆಗಸ್ಟ್ ಖರೀದಿಯಲ್ಲಿ ಸರಿಹೋಗುತ್ತದೆ. 7,200 ನಾಲ್ಕು ಗಂಟೆ ಜಾಸ್ತಿ ಓಡಿದ್ದಕ್ಕೆ. 3,600 ಗಂಟೆಗೆ 0.4 ಲೀಟರ್ ಜಾಸ್ತಿ ಬಳಕೆ, ಗಮನಿಸುತ್ತಿದ್ದೇವೆ. 4,240 ಏಪ್ರಿಲ್‌ನಿಂದ ಏರಿದ ದರ. ಇದು ಪ್ರತಿ ತಿಂಗಳು ಬರುತ್ತದೆ, ಬಜೆಟ್ ಬಳಕೆಯ ಮೇಲೆ ವರ್ಷಕ್ಕೆ ಸುಮಾರು 48,000."

ಲೆಡ್ಜರ್ ಅಕ್ಕ
ಚೆನ್ನಾಗಿದೆ. ನಾನಾದರೆ 48,000ದ ಸಾಲನ್ನು ಮೊದಲು ಇಡುತ್ತೇನೆ. ಮ್ಯಾನೇಜರ್ ಕೊನೆವರೆಗೂ ಓದುತ್ತಾರೆ ಅಂತ ಯಾವ ಭರವಸೆ?

ಹರಿಹರದ ಹುಡುಗ
ಅಕೌಂಟ್ಸ್‌ನವರಿಗೆ ಹೇಳಿ ಆ 480 ಲೀಟರನ್ನು ಸ್ಟಾಕ್ ಎಂಟ್ರಿ ಮಾಡಿಸಬಹುದಲ್ಲ? ಆಗ ವ್ಯತ್ಯಾಸ ಶೇ. 10ರ ಒಳಗೇ ಇರುತ್ತದೆ, ಕಾರಣವೂ ಬೇಡ.

ಜನರೇಟರ್ ರೂಮು
ಕೇಳಿದೆ. "ಡೀಸೆಲ್‌ಗೆ ಸ್ಟಾಕ್ ಇಡೋ ಪದ್ಧತಿ ನಮ್ಮಲ್ಲಿಲ್ಲ, ವರ್ಷದ ಕೊನೆಗೆ ಮಾತ್ರ ಮಾಡುತ್ತೇವೆ" ಅಂದರು.

ಶೀಟ್ ಮಾಸ್ತರ
ಅದು ಸರಿಯಲ್ಲ. ಪ್ರತಿ ತಿಂಗಳು ಮಾಡಬೇಕು.

ಲೆಡ್ಜರ್ ಅಕ್ಕ
ಸಣ್ಣ ಕಾರ್ಖಾನೆಗೆ ಅಷ್ಟು ಬೇಡ. 44 ಸಾವಿರಕ್ಕೆ ತಿಂಗಳು ತಿಂಗಳು ಎಂಟ್ರಿ, ಅದಕ್ಕೆ ವೋಚರ್, ಮತ್ತೆ ಮೊದಲನೇ ತಾರೀಕು ಅದರ ಉಲ್ಟಾ ಎಂಟ್ರಿ. ಕಾರಣ ಕಾಲಂನಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

ಶೀಟ್ ಮಾಸ್ತರ
ಇದೇ ಮಾತು ಹೇಳಿ ಹೇಳಿ ಎಲ್ಲ ಶೀಟುಗಳೂ ಹಾಳಾಗಿವೆ ಅಕ್ಕ. ಕಾರಣ ಬರೆಯೋನು ರಜೆ ಹಾಕಿದ ತಿಂಗಳು ಏನು ಮಾಡ್ತೀರಿ?

ಮಂಡಕ್ಕಿ ಮಿರ್ಚಿ
ಅಡ್ಡಗೆರೆ ಎಳೀತಾರೆ.

ಜನರೇಟರ್ ರೂಮು
ಸಾಯಂಕಾಲದ ಸುದ್ದಿ. ವರದಿ ಹೋಯಿತು, ಅಕ್ಕ ಹೇಳಿದ ಹಾಗೆ 48,000 ಮೊದಲು ಇಟ್ಟು. ಮ್ಯಾನೇಜರ್ ಕೆಂಪು ಪೆನ್ನು ಹಿಡಿಯಲಿಲ್ಲ, ಆದರೆ ನೇರ ಫೋನ್ ಮಾಡಿ "ಇದು ಏಪ್ರಿಲ್‌ನಿಂದ ಇದ್ದರೆ ನಾಲ್ಕು ತಿಂಗಳು ಯಾಕೆ ಹೇಳಲಿಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನ್‌ನ 600ರ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕರೆಂಟ್ ಬಿಲ್ಲಿನ ಸಾಲನ್ನೂ ಇದೇ ಥರ ಒಡೆದು ತಗೊಂಡು ಬಾ ಅಂದರು. ಕೆಲಸ ಕಡಿಮೆ ಮಾಡಿಕೊಳ್ಳೋಕೆ ಬಂದವನು ಜಾಸ್ತಿ ಮಾಡಿಕೊಂಡೆ. ಇನ್ನು ಮೇಲೆ ಡಿಪ್ ಮಾತ್ರ ನಾನೇ ನಿಂತು ಹಾಕಿಸುತ್ತೇನೆ.

ಹಳೇ ಸ್ಟೋರ್ ಕೀಪರ್
ಬೆಳಗ್ಗೆ ಜನರೇಟರ್ ಹಾಕೋ ಮೊದಲು ಹಾಕಿ. ಓಡುವಾಗ ಡೀಸೆಲ್ ಅಲುಗಾಡುತ್ತಿರುತ್ತದೆ, ಕಡ್ಡಿ ಸುಳ್ಳು ಹೇಳುತ್ತದೆ. ಮತ್ತೆ ಕಡ್ಡಿ ಒರೆಸಿಕೊಂಡು ಎರಡು ಸಲ ಅದ್ದಿ.